ಮದುವೆ ನಿಜ ಅಂತ ತೋರಿಸೋದು: ಎರಡು ಊರಲ್ಲಿದ್ದ ಒಂದು ಸಂಸಾರದ ಗ್ರೀನ್ ಕಾರ್ಡ್ ಫೈಲು

ಕಳೆದ ವರ್ಷ ಜುಲೈನಲ್ಲಿ ನಾವಿಬ್ಬರೂ ರೂಮ್‌ಮೇಟ್‌ಗಳು ಕೂತು ಒಂದು ಪತ್ರ ಬರೆದೆವು. "ಇವರಿಬ್ಬರೂ ಆದರ್ಶ ದಂಪತಿ. ಒಬ್ಬರನ್ನೊಬ್ಬರು ತುಂಬಾ ಪ್ರೀತಿಸುತ್ತಾರೆ. ಇವರ ಮದುವೆ ಅದ್ದೂರಿಯಾಗಿ ನಡೆಯಿತು. ಇದು ನಿಜವಾದ ಮದುವೆ ಎಂದು ನಾವು ಪ್ರಮಾಣಪೂರ್ವಕವಾಗಿ ಹೇಳುತ್ತೇವೆ." ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ಕಾಪಿ ಮಾಡಿ, ಕೆಳಗೆ ಹೆಸರು ಮಾತ್ರ ಬದಲಾಯಿಸಿ ಸಹಿ ಹಾಕಿದೆವು. ವಕೀಲರು ಎರಡನ್ನೂ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಮದುವೆಗೆ ನೀವು ಹೋಗಿದ್ರಾ?"

ಹೋಗಿರಲಿಲ್ಲ. ಮದುವೆ ಆದದ್ದು 2023ರ ಜೂನ್‌ನಲ್ಲಿ. ನಾವು ಅಮೆರಿಕಕ್ಕೆ ಕಾಲಿಟ್ಟಿದ್ದೇ ಆಗಸ್ಟ್‌ನಲ್ಲಿ. ನೋಡದ ಮದುವೆಯ ಬಗ್ಗೆ ಪ್ರಮಾಣ ಮಾಡಿ ಸಹಿ ಹಾಕಿಬಿಟ್ಟಿದ್ದೆವು! ಅಲ್ಲಿಂದ ಎರಡು ತಿಂಗಳು ಅಕ್ಕನ ಫೈಲು ಕಟ್ಟೋದರಲ್ಲಿ ನಾವು ಕಲಿತದ್ದನ್ನು ಅವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ. ನಾವು ವಕೀಲರಲ್ಲ. ಆದರೆ ನಮ್ಮ ಹಾಗೆ ಎಫ್-1 ವೀಸಾದಲ್ಲಿದ್ದು ಇಲ್ಲಿನ ಸಿಟಿಜನ್ ಒಬ್ಬರನ್ನು ಮದುವೆಯಾಗುವವರು ಪ್ರತಿ ವರ್ಷ ಒಬ್ಬಿಬ್ಬರಾದರೂ ಇರುತ್ತಾರೆ, ಮತ್ತು ಅಕ್ಕ ಮಾಡಿದ ತಪ್ಪುಗಳು ಯಾರಾದರೂ ಮಾಡಬಹುದಾದಂಥವು.

ಅಕ್ಕ ಹಾಸನದವರು, ನಮ್ಮ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಭಾವ ಇಲ್ಲೇ ಹುಟ್ಟಿ ಬೆಳೆದವರು. ಅವರ ಅಪ್ಪ ಅಮ್ಮ ತುಮಕೂರು ಕಡೆಯವರು. ಭಾವನ ಕೆಲಸ ಇರುವ ಊರು ಇಲ್ಲಿಂದ 180 ಮೈಲಿ, ಕಾರಲ್ಲಿ ಮೂರು ಗಂಟೆ. ಅಕ್ಕನ ಲ್ಯಾಬ್ ಇಲ್ಲಿ. ಹಾಗಾಗಿ ಮದುವೆಯಾದ ಮೇಲೂ ಸೋಮವಾರದಿಂದ ಶುಕ್ರವಾರ ಅಕ್ಕ ನಮ್ಮ ಜೊತೆ ಕ್ಯಾಂಪಸ್ ಹತ್ತಿರದ ಮನೆಯಲ್ಲಿ, ಶನಿವಾರ ಭಾನುವಾರ ಭಾವನ ಮನೆಯಲ್ಲಿ. ಅಂದರೆ ಒಂದು ಸಂಸಾರ, ಎರಡು ವಿಳಾಸ. ಎಲ್ಲ ತೊಂದರೆಯ ಬೇರು ಇದೇ.

ಮೊದಲು ಕಾನೂನು ಏನು ಕೇಳುತ್ತೆ ಅಂತ ನೋಡೋಣ. ಗಂಡ ಅಥವಾ ಹೆಂಡತಿ ಸಿಟಿಜನ್ ಆಗಿದ್ದರೆ ಅವರು ಐ-130 ಅನ್ನೋ ಅರ್ಜಿ ಹಾಕುತ್ತಾರೆ. ಇವರು ನನ್ನ ಸಂಗಾತಿ, ಈ ಸಂಬಂಧ ನಿಜ ಅಂತ ಹೇಳುವ ಅರ್ಜಿ ಅದು. ಅದರ ಜೊತೆಗೇ, ಇಲ್ಲೇ ಇರುವ ಸಂಗಾತಿ ಐ-485 ಹಾಕಿ ಗ್ರೀನ್ ಕಾರ್ಡ್ ಕೇಳಬಹುದು. ಮ್ಯಾರೇಜ್ ಸರ್ಟಿಫಿಕೇಟ್ ಇದ್ದರೆ ಮದುವೆ ಕಾನೂನುಬದ್ಧವಾಗಿ ನಡೆದಿದೆ ಅಂತ ಆಯಿತು, ಅಷ್ಟೇ. ಅಧಿಕಾರಿ ನೋಡೋದು ಅದರಾಚೆಗಿನದು: ಮದುವೆಯಾಗುವ ಹೊತ್ತಿಗೆ ಇವರಿಬ್ಬರಿಗೂ ಒಟ್ಟಿಗೆ ಬಾಳುವ ಉದ್ದೇಶ ಇತ್ತಾ, ಅಥವಾ ಕಾರ್ಡಿಗೋಸ್ಕರ ಮಾಡಿಕೊಂಡದ್ದಾ? ಉದ್ದೇಶವನ್ನು ಯಾರೂ ಕಣ್ಣಲ್ಲಿ ನೋಡೋಕಾಗಲ್ಲ. ಅದಕ್ಕೇ ಮದುವೆಗೆ ಮುಂಚೆ, ಆಮೇಲೆ ಇವರು ಹೇಗೆ ನಡೆದುಕೊಂಡರು ಅನ್ನೋದರಿಂದ ಊಹಿಸುತ್ತಾರೆ. ತೋರಿಸುವ ಹೊಣೆ ಅರ್ಜಿದಾರರದು. ಒಂದೇ ಸೂರಿನಡಿ ಇರಲೇಬೇಕು ಅಂತ ನಿಯಮ ಇಲ್ಲ. ಆದರೆ ಬೇರೆ ಬೇರೆ ಇದ್ದರೆ ಯಾಕೆ ಅಂತ ಹೇಳಬೇಕು, ಹೇಳಿದ್ದಕ್ಕೆ ಕಾಗದ ಇರಬೇಕು.

ಅಕ್ಕ ಭಾವ 2023ರ ಆಗಸ್ಟ್‌ನಲ್ಲಿ ವಕೀಲರಿಲ್ಲದೆ ತಾವೇ ಅರ್ಜಿ ಹಾಕಿದರು. ಕವರಿನಲ್ಲಿ ಏನಿತ್ತು? ಮ್ಯಾರೇಜ್ ಸರ್ಟಿಫಿಕೇಟ್, ಅರವತ್ತು ಮದುವೆ ಫೋಟೋ, ಹಾಸನದಲ್ಲಿ ಅಚ್ಚಾದ ಲಗ್ನಪತ್ರಿಕೆ, ಮತ್ತು ಜುಲೈನಲ್ಲಿ ತೆರೆದ ಜಾಯಿಂಟ್ ಅಕೌಂಟಿನ ಸ್ಟೇಟ್‌ಮೆಂಟ್. ಆ ಅಕೌಂಟಿನಲ್ಲಿ 500 ಡಾಲರ್ ಹಾಕಿದ್ದು ಬಿಟ್ಟರೆ ಬೇರೇನೂ ನಡೆದಿರಲಿಲ್ಲ. ಈಗ ನೋಡಿದರೆ ಇಡೀ ಕವರು ಒಂದೇ ಒಂದು ದಿನದ ಬಗ್ಗೆ. ಅರವತ್ತು ಫೋಟೋದಲ್ಲೂ ಅದೇ ಸೀರೆ, ಅದೇ ಬಾಸಿಂಗ, ಅದೇ ಮಂಟಪ. ಮದುವೆ ಜೋರಾಗಿ ಆಯಿತು ಅನ್ನೋದಕ್ಕೆ ಸಾಕ್ಷಿ ಉಂಟು, ಆಮೇಲೆ ಸಂಸಾರ ನಡೆಯಿತು ಅನ್ನೋದಕ್ಕಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಫಾರ್ಮಿನಲ್ಲಿ. ಎರಡು ಮನೆ ಅಂತ ಬರೆದರೆ ಅನುಮಾನ ಬರುತ್ತೆ ಅಂತ ಹೆದರಿ, ಅಕ್ಕ ತಮ್ಮ ವಿಳಾಸದ ಜಾಗದಲ್ಲಿ ಭಾವನ ಮನೆ ಮಾತ್ರ ಬರೆದಿದ್ದರು. ಆದರೆ ನಮಗೆಲ್ಲ ಗೊತ್ತಲ್ಲ, ಎಫ್-1 ನಲ್ಲಿರುವವರು ವಾಸದ ವಿಳಾಸ ಬದಲಾದರೆ ಹತ್ತು ದಿನದೊಳಗೆ ತಿಳಿಸಬೇಕು, ಅದು ಸೆವಿಸ್ ದಾಖಲೆಗೆ ಹೋಗುತ್ತೆ. ಅಲ್ಲಿ ಅಕ್ಕನ ವಿಳಾಸ ನಮ್ಮ ಮನೆ. ಡ್ರೈವಿಂಗ್ ಲೈಸೆನ್ಸಿನಲ್ಲೂ ನಮ್ಮ ಮನೆ. ನಿಜವಾದ ಮದುವೆಯನ್ನು ಇನ್ನೂ ನಿಜ ಮಾಡಿ ತೋರಿಸೋಕೆ ಹೋಗಿ ಸುಳ್ಳಿನ ಹಾಗೆ ಕಾಣಿಸುವಂತೆ ಮಾಡಿಕೊಂಡಿದ್ದರು.

ಸಂದರ್ಶನಕ್ಕೆ ಕರೆ ಬಂದದ್ದು 2024ರ ಜೂನ್‌ಗೆ. ಈ ನಡುವೆ ಅಕ್ಕನ ಅಜ್ಜಿ ತೀರಿಕೊಂಡರು. ಐ-485 ಬಾಕಿ ಇರುವಾಗ ಅಡ್ವಾನ್ಸ್ ಪೆರೋಲ್ ಅನ್ನೋ ಅನುಮತಿ ಕೈಗೆ ಬರದೆ ಎಫ್-1 ನಲ್ಲಿರುವವರು ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆ ಲೆಕ್ಕ. ಅದಿನ್ನೂ ಬಂದಿರಲಿಲ್ಲ. ವೈಕುಂಠ ಸಮಾರಾಧನೆಯನ್ನು ಅಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಫೋನಲ್ಲಿ ನೋಡಿದರು.

ಸಂದರ್ಶನದ ದಿನ ಮೊದಲು ಇಬ್ಬರಿಂದಲೂ ಪ್ರಮಾಣ ಮಾಡಿಸಿದರು. ಫಾರ್ಮಿನಲ್ಲಿರುವ ಹೌದು–ಇಲ್ಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅಧಿಕಾರಿ ಭಾವನನ್ನು ಹೊರಗೆ ಕೂರಿಸಿ ಅಕ್ಕನಿಗೆ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ಆಮೇಲೆ ಅಕ್ಕ ಹೊರಗೆ, ಭಾವ ಒಳಗೆ, ಅವೇ ಪ್ರಶ್ನೆ. ಹೀಗೆ ಬೇರೆ ಬೇರೆ ಕೂರಿಸಿ ಕೇಳುವುದನ್ನು ಇಲ್ಲಿ ಸ್ಟೋಕ್ಸ್ ಸಂದರ್ಶನ ಅಂತಾರೆ. ನ್ಯೂಯಾರ್ಕಿನಲ್ಲಿ 1976ರಲ್ಲಿ ಇತ್ಯರ್ಥವಾದ ಒಂದು ಕೇಸಿನಿಂದ ಬಂದ ಹೆಸರು ಅದು. ಎಲ್ಲರಿಗೂ ಹೀಗೆ ಮಾಡಲ್ಲ. ಅನುಮಾನ ಬಂದಾಗ ಮಾಡುತ್ತಾರೆ.

ಮಾಮೂಲಿ ಪ್ರಶ್ನೆಗಳಲ್ಲಿ ಇಬ್ಬರೂ ಪಾಸು. ನಿನ್ನೆ ರಾತ್ರಿ ಏನು ಊಟ, ಬಾಡಿಗೆ ಯಾರು ಕಟ್ಟುತ್ತಾರೆ, ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ, ಮನೆಯಲ್ಲಿ ಬಾತ್‌ರೂಮ್ ಎಷ್ಟು. ಸಿಕ್ಕಿಹಾಕಿಕೊಂಡದ್ದು ತೀರಾ ಸುಲಭ ಅನ್ನಿಸುವ ಎರಡು ಪ್ರಶ್ನೆಗಳಲ್ಲಿ.

"ನಿಮ್ಮ ಮದುವೆ ಯಾವತ್ತು ಆಯಿತು?" ಅಕ್ಕ: ಜೂನ್ 4, 2023. ಭಾವ: ಮಾರ್ಚ್ 10, 2023.

ಎರಡೂ ನಿಜ. ಅಕ್ಕನ ಅಪ್ಪ ಅಮ್ಮನಿಗೆ ವೀಸಾ ಸಂದರ್ಶನದ ದಿನ ಸಿಗೋದು ತಡವಾಗಿ ಮುಹೂರ್ತ ಜೂನ್‌ಗೆ ಹೋಯಿತು. ಅಷ್ಟರಲ್ಲಿ ಅಕ್ಕನನ್ನು ತಮ್ಮ ಕಂಪನಿಯ ಹೆಲ್ತ್ ಇನ್ಶೂರೆನ್ಸಿಗೆ ಸೇರಿಸಬೇಕು ಅಂತ ಭಾವ ಕೌಂಟಿ ಕೋರ್ಟಿನಲ್ಲಿ ಮಾರ್ಚ್‌ನಲ್ಲೇ ಮದುವೆ ಮಾಡಿಕೊಂಡಿದ್ದರು. ಭಾವನ ಪ್ರಕಾರ ಅದೇ ಮದುವೆ, ಸರ್ಟಿಫಿಕೇಟ್ ಕೂಡ ಅದನ್ನೇ ಹೇಳುತ್ತೆ. ಅಕ್ಕನ ಪ್ರಕಾರ ಅದು ಸಹಿ ಹಾಕಿದ ದಿನ, ದೇವಸ್ಥಾನದ ಹಾಲಿನಲ್ಲಿ ಧಾರೆ ಎರೆದದ್ದು ಮದುವೆ ದಿನ. ನಮ್ಮಲ್ಲಿ ಯಾರನ್ನು ಕೇಳಿದರೂ ಅಕ್ಕನ ಉತ್ತರವನ್ನೇ ಕೊಡುತ್ತೇವೆ. ಆದರೆ ಅಧಿಕಾರಿಯ ಎದುರಿಗಿರುವ ಫಾರ್ಮಿನಲ್ಲಿ ಇರೋದು ಮಾರ್ಚ್ 10 ಮಾತ್ರ, ಅರವತ್ತು ಫೋಟೋದಲ್ಲಿ ಇರೋದು ಜೂನ್ 4 ಮಾತ್ರ, ಇವೆರಡಕ್ಕೂ ಸಂಬಂಧ ಏನು ಅಂತ ಹೇಳುವ ಒಂದು ಸಾಲೂ ಫೈಲಿನಲ್ಲಿ ಇಲ್ಲ.

"ಯಾರು ಯಾರಿಗೆ ಪ್ರಪೋಸ್ ಮಾಡಿದ್ದು, ಎಲ್ಲಿ?" ಭಾವ: ನಾನು, 2022ರ ಅಕ್ಟೋಬರ್, ಒಂದು ಕೆರೆ ದಂಡೆಯಲ್ಲಿ, ಉಂಗುರ ಕೊಟ್ಟು. ಅಕ್ಕ: ಯಾರೂ ಮಾಡಲಿಲ್ಲ, ಡಿಸೆಂಬರ್‌ನಲ್ಲಿ ಹಾಸನದಲ್ಲಿ ಹಿರಿಯರು ಕೂತು ಮಾತಾಡಿ ತಾಂಬೂಲ ಬದಲಾಯಿಸಿದರು.

ಪಾಪ ಭಾವ! ಉಂಗುರ ಕೊಟ್ಟದ್ದು ಅಕ್ಕನಿಗೆ ಚೆನ್ನಾಗಿ ನೆನಪಿದೆ. ಆದರೆ ಅವರ ತಲೆಯಲ್ಲಿ ಮದುವೆ ನಿಶ್ಚಯ ಅಂದರೆ ಹಿರಿಯರ ಮಾತು. ಪ್ರಪೋಸ್ ಅನ್ನೋ ಪ್ರಶ್ನೆಯನ್ನು ಅವರು "ಮದುವೆ ಯಾರು ನಿಶ್ಚಯ ಮಾಡಿದರು" ಅಂತ ಅರ್ಥ ಮಾಡಿಕೊಂಡರು. ಮನೆಯವರೇ ನೋಡಿ ಪರಿಚಯಿಸಿದ ಮದುವೆ ಅಂದ ಮಾತ್ರಕ್ಕೆ ಇಲ್ಲಿ ಯಾರೂ ತಳ್ಳಿಹಾಕಲ್ಲ. ತೊಂದರೆ ಆಗೋದು ಒಬ್ಬರು ಊರಿನ ಕಥೆ, ಇನ್ನೊಬ್ಬರು ಇಲ್ಲಿನ ಕಥೆ ಹೇಳಿದಾಗ. ಇಬ್ಬರೂ ಎರಡನ್ನೂ ಹೇಳಿದ್ದರೆ ಮುಗಿದುಹೋಗುತ್ತಿತ್ತು.

ಕೊನೆಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಉತ್ತರ ಯಾಕೆ ಹೊಂದಲಿಲ್ಲ ಅಂತ ಕೇಳಿದರು. ಆಗ ಅಕ್ಕ ಕೋರ್ಟು, ಧಾರೆ, ಉಂಗುರ, ತಾಂಬೂಲ ಎಲ್ಲ ಬಿಡಿಸಿ ಹೇಳಿದರು. ಅದರ ಜೊತೆಗೆ ಕೇಳದೇ ಇದ್ದ ಒಂದು ವಿಷಯವನ್ನೂ ಹೇಳಿದರು: ಫಾರ್ಮಿನಲ್ಲಿ ಬರೆದದ್ದು ಪೂರ್ತಿ ಅಲ್ಲ, ವಾರದ ದಿನಗಳಲ್ಲಿ ನಾನು ಬೇರೆ ಊರಲ್ಲಿರುತ್ತೇನೆ. ಹೊರಗೆ ಬಂದ ಮೇಲೆ ಅಯ್ಯೋ ಹೇಳಬಾರದಿತ್ತೇನೋ ಅಂತ ಅತ್ತರು. ವಕೀಲರ ಅಭಿಪ್ರಾಯ ಬೇರೆ. ಅಧಿಕಾರಿ ತಾವಾಗಿ ಎತ್ತುವ ಮೊದಲೇ ಹೇಳಿ ತಿದ್ದಿಸಿದ್ದೇ ಫೈಲನ್ನು ಉಳಿಸಿತು ಅಂತ ಅವರು.

ಜುಲೈನಲ್ಲಿ ಪತ್ರ ಬಂತು. ತಿರಸ್ಕಾರ ಅಲ್ಲ, ಹೆಚ್ಚಿನ ಸಾಕ್ಷಿ ಕೊಡಿ ಅನ್ನುವ ನೋಟಿಸು. ಇದಕ್ಕೆ ಗಡುವು ಹೆಚ್ಚೆಂದರೆ ಹನ್ನೆರಡು ವಾರ, ವಿಸ್ತರಣೆ ಇಲ್ಲ. ಇರುವುದನ್ನೆಲ್ಲ ಒಂದೇ ಸಲ ಕಳಿಸಬೇಕು. ಅರ್ಧ ಈಗ, ಅರ್ಧ ಆಮೇಲೆ ಅಂತ ನಡೆಯಲ್ಲ. ಅಕ್ಕ ವಕೀಲರನ್ನು ಹಿಡಿದದ್ದು, ನಮ್ಮ ಊಟದ ಮೇಜಿನ ತುಂಬಾ ಕಾಗದ ಹರಡಿದ್ದು ಆಗ.

ವಕೀಲರು ಮೊದಲು ಕೇಳಿದ್ದು ಟ್ಯಾಕ್ಸ್ ರಿಟರ್ನ್. ಅಲ್ಲಿ ಇನ್ನೊಂದು ಬಾಂಬು. ನಾವೆಲ್ಲ ವಿದ್ಯಾರ್ಥಿಗಳು ಪ್ರತಿ ವರ್ಷ 1040-ಎನ್‌ಆರ್ ತುಂಬುತ್ತೇವೆ, ಹೋದ ವರ್ಷದ್ದನ್ನೇ ನೋಡಿಕೊಂಡು. 2023ರ ರಿಟರ್ನ್‌ನಲ್ಲಿ ಅಕ್ಕ ರೂಢಿಬಲದಿಂದ "ಸಿಂಗಲ್" ಅಂತ ಟಿಕ್ ಮಾಡಿದ್ದರು. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದರೆ ಆ ಇಡೀ ವರ್ಷಕ್ಕೆ ನೀವು ವಿವಾಹಿತರು. ಅಂದರೆ ಒಂದು ಸರ್ಕಾರಿ ಇಲಾಖೆಗೆ ಮದುವೆಯಾಗಿದೆ ಅಂತ, ಇನ್ನೊಂದಕ್ಕೆ ಆಗಿಲ್ಲ ಅಂತ ಸಹಿ ಹಾಕಿ ಕೊಟ್ಟ ಹಾಗಾಯಿತು. ಇದಕ್ಕೆ ಪರಿಹಾರ 1040-ಎಕ್ಸ್ ಅನ್ನೋ ತಿದ್ದುಪಡಿ ರಿಟರ್ನ್. ಒಬ್ಬರು ಸಿಟಿಜನ್, ಇನ್ನೊಬ್ಬರು ಟ್ಯಾಕ್ಸ್ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆಗಿದ್ದರೂ, ಆ ವರ್ಷ ರೆಸಿಡೆಂಟ್ ಎಂದೇ ಪರಿಗಣಿಸಿ ಅಂತ ಇಬ್ಬರೂ ಸಹಿ ಮಾಡಿದ ಹೇಳಿಕೆ ಲಗತ್ತಿಸಿ ಜಂಟಿಯಾಗಿ ಫೈಲ್ ಮಾಡಬಹುದು. ಹಾಗೆ ಮಾಡಿದರೆ ಊರಿನ ಬ್ಯಾಂಕಿನ ಬಡ್ಡಿಯನ್ನೂ ಸೇರಿಸಿ ಇಬ್ಬರದೂ ಪ್ರಪಂಚದಾದ್ಯಂತದ ಆದಾಯ ತೋರಿಸಬೇಕು. ಅಕ್ಕ ಭಾವ ಅದನ್ನೇ ಮಾಡಿ, ಹಳೆಯ ತಪ್ಪು ರಿಟರ್ನ್, ತಿದ್ದಿದ ರಿಟರ್ನ್, ತಪ್ಪು ಹೇಗಾಯಿತು ಅನ್ನುವ ಎರಡು ಪ್ಯಾರಾ ಮೂರನ್ನೂ ಇಟ್ಟರು. ಹಳೆಯದನ್ನು ಬಚ್ಚಿಡುವ ಮಾತೇ ಇಲ್ಲ ಅಂದಿದ್ದರು ವಕೀಲರು.

ಆಮೇಲೆ ಎರಡು ಮನೆ ವಿಷಯ. ಇಲ್ಲಿ ನಮ್ಮ ಎಂಜಿನಿಯರಿಂಗ್ ಬುದ್ಧಿ ಸ್ವಲ್ಪ ಉಪಯೋಗಕ್ಕೆ ಬಂತು ಅಂತ ಹೇಳಿಕೊಳ್ಳಬಹುದು. ಅಕ್ಕ ಶುಕ್ರವಾರ ಸಂಜೆ ಬಸ್ಸಲ್ಲಿ ಹೋಗುತ್ತಿದ್ದರು, ಟಿಕೆಟ್ ಎಲ್ಲ ಇಮೇಲಲ್ಲಿ ಇತ್ತು. ಭಾನುವಾರ ರಾತ್ರಿ ಭಾವ ಕಾರಲ್ಲಿ ತಂದು ಬಿಡುತ್ತಿದ್ದರು. ದಾರಿಯ ಟೋಲ್ ಗೇಟಿನಲ್ಲಿ ಅವರ ಕಾರಿನ ಟ್ಯಾಗ್ ದಾಟಿದ ದಿನ, ಗಂಟೆ, ನಿಮಿಷ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಇತ್ತು. ಇವೆರಡನ್ನೂ ಜೋಡಿಸಿ, ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಒಂದು ವಾರಾಂತ್ಯಕ್ಕೆ ಒಂದು ಸಾಲಿನಂತೆ ಟೇಬಲ್ ಮಾಡಿದೆವು. ಒಟ್ಟು 43 ವಾರಾಂತ್ಯ. 32ರಲ್ಲಿ ಒಟ್ಟಿಗಿದ್ದದ್ದಕ್ಕೆ ಕಾಗದ ಸಿಕ್ಕಿತು. ಉಳಿದ 11ರಲ್ಲಿ ನಾಲ್ಕು ಪರೀಕ್ಷೆ, ಎರಡು ಕಾನ್ಫರೆನ್ಸ್, ಐದಕ್ಕೆ ಏನೂ ಸಿಗಲಿಲ್ಲ. ಆ ಐದನ್ನು ಖಾಲಿ ಬಿಟ್ಟೆವು. ಫೋನ್ ಗ್ಯಾಲರಿಯಿಂದ ಯಾವುದೋ ಫೋಟೋ ತಂದು ತುಂಬೋಣವಾ ಅಂತ ನಮ್ಮಲ್ಲೊಬ್ಬರು ಕೇಳಿದ್ದಕ್ಕೆ ಅಕ್ಕ ಬೇಡ ಅಂದರು; ಅಷ್ಟು ಹೊತ್ತಿಗೆ ಅವರಿಗೆ ಒಂದು ಸಲದ ಅನುಭವ ಸಾಕಾಗಿತ್ತು.

ಬೇರೆ ಯಾಕಿದ್ದಾರೆ ಅನ್ನೋದಕ್ಕೆ ಅಕ್ಕನ ಗೈಡ್ ಕೊಟ್ಟ ಪತ್ರ: ಇವರ ಪ್ರಯೋಗಗಳು ನಮ್ಮ ಲ್ಯಾಬಿನಲ್ಲೇ ನಡೆಯಬೇಕು, ಇಷ್ಟು ದಿನ ಹಾಜರಿರಬೇಕು, ಇಂಥ ಹೊತ್ತಿಗೆ ಮುಗಿಯುತ್ತೆ. ಭಾವನ ಮನೆ ಕರಾರಿನಲ್ಲಿ ಅವರೊಬ್ಬರದೇ ಹೆಸರಿತ್ತು. ಮಾಲೀಕರನ್ನು ಕೇಳಿ ಅಕ್ಕನ ಹೆಸರು ಸೇರಿಸಿದರು, ಸೇರಿಸಿದ ತಾರೀಕು ಆಗಸ್ಟ್ 2024 ಅಂತಲೇ ಬರೆಸಿದರು. ನೋಟಿಸ್ ಬಂದ ಮೇಲೆ ಮಾಡಿಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ, ಅದಕ್ಕೆ ತೂಕ ಕಮ್ಮಿ. ತೂಕ ಇರೋದು ಅರ್ಜಿಯ ಯೋಚನೆ ಇಲ್ಲದೆ, ಬದುಕಿನ ಅಗತ್ಯಕ್ಕೆ ಮಾಡಿದ ಕಾಗದಗಳಿಗೆ. ಭಾವ 2023ರ ಏಪ್ರಿಲ್‌ನಲ್ಲೇ ಅಕ್ಕನನ್ನು ಹೆಲ್ತ್ ಇನ್ಶೂರೆನ್ಸಿಗೆ ಸೇರಿಸಿದ್ದರಲ್ಲ, ಆ ಕಾಗದ ಮೊದಲ ಕವರಿನಲ್ಲಿ ಇರಲೇ ಇಲ್ಲ! ಅದು ಸಾಕ್ಷಿ ಅಂತ ಅವರಿಗೆ ಹೊಳೆದಿರಲಿಲ್ಲ. ಆ ಇನ್ಶೂರೆನ್ಸಿನಲ್ಲಿ ಅಕ್ಕನ ಹಲ್ಲಿಗೆ ಮಾಡಿಸಿದ ರೂಟ್ ಕೆನಾಲಿನ ಬಿಲ್ಲು, ಭಾವನ ನಿವೃತ್ತಿ ಖಾತೆಯಲ್ಲಿ ನಾಮಿನಿಯಾಗಿ ಅಕ್ಕನ ಹೆಸರು, ಕಾರ್ ಇನ್ಶೂರೆನ್ಸಿನಲ್ಲಿ ಇಬ್ಬರ ಹೆಸರು ಎಲ್ಲ ಹೀಗೇ ಒಂದೊಂದಾಗಿ ಹೊರಗೆ ಬಂದವು. ಜಾಯಿಂಟ್ ಅಕೌಂಟು ಕೂಡ ಈಗ ಬೇರೆ ಥರ ಇತ್ತು: ಭಾವನ ಸಂಬಳ ಬಂದು ಬೀಳೋದು, ಎರಡೂ ಮನೆ ಬಾಡಿಗೆ, ದಿನಸಿ, ಅಕ್ಕನ ಬಸ್ ಟಿಕೆಟ್ ಹೋಗೋದು. ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ಒಂದೂ ಬಿಡದೆ ಇಟ್ಟರು. ಫೋಟೋ ಇಪ್ಪತ್ತಕ್ಕೆ ಇಳಿಸಿದರು. ಕೋರ್ಟಿನದು ಎರಡು, ಧಾರೆಯದು ನಾಲ್ಕು, ಉಳಿದದ್ದೆಲ್ಲ ಬೇರೆ ಬೇರೆ ತಿಂಗಳದ್ದು, ಪ್ರತಿಯೊಂದರ ಕೆಳಗೆ ದಿನ, ಜಾಗ, ಜೊತೆಗಿರುವವರು ಯಾರು.

ಲಗ್ನಪತ್ರಿಕೆಯ ಅನುವಾದ ನಮ್ಮ ಪಾಲಿಗೆ ಬಂತು. ಇಂಗ್ಲಿಷ್ ಅಲ್ಲದ ಯಾವ ಕಾಗದಕ್ಕೂ ಪೂರ್ತಿ ಅನುವಾದ ಇರಬೇಕು, ಮಾಡಿದವರು ತಮಗೆ ಎರಡೂ ಭಾಷೆ ಬರುತ್ತೆ, ಅನುವಾದ ಪೂರ್ಣ ಮತ್ತು ಸರಿ ಅಂತ ಬರೆದು ಸಹಿ ಮಾಡಬೇಕು. ದುಡ್ಡು ಕೊಟ್ಟು ಮಾಡಿಸಲೇಬೇಕು ಅಂತಿಲ್ಲ, ಅರ್ಜಿದಾರರು ತಾವೇ ಮಾಡದಿದ್ದರೆ ಒಳ್ಳೆಯದು. ಪೂರ್ತಿ ಅಂದರೆ ಪೂರ್ತಿ. "ಚಿ|| ಸೌ||"ಗೆ ಏನು ಬರೆಯೋದು ಅಂತ ಒಂದು ಸಂಜೆ ಹೋಯಿತು.

ಇನ್ನು ನಮ್ಮ ಪತ್ರಗಳು. ವಕೀಲರು ಹೇಳಿದ್ದು ಇಷ್ಟೇ: ನಿಮ್ಮ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ಇವರನ್ನು ಹೇಗೆ ಬಲ್ಲಿರಿ ಅನ್ನೋದು ಇರಲಿ, ಆಮೇಲೆ ಕಣ್ಣಾರೆ ಕಂಡದ್ದು ಮಾತ್ರ ಬರೆಯಿರಿ, ಒಬ್ಬರದನ್ನು ಇನ್ನೊಬ್ಬರು ನೋಡಬೇಡಿ. ಪ್ರೀತಿ, ಆದರ್ಶ, ಅದ್ದೂರಿ ಎಲ್ಲ ಹೋಯಿತು. ನಮ್ಮಲ್ಲೊಬ್ಬರು ಬರೆದದ್ದು: ಭಾನುವಾರ ರಾತ್ರಿ ಭಾವ ಬಂದರೆ ಡಿಕ್ಕಿಯಲ್ಲಿ ವಾರಕ್ಕಾಗುವಷ್ಟು ಹುಳಿ, ಪಲ್ಯ ಸ್ಟೀಲ್ ಡಬ್ಬಿಗಳಲ್ಲಿ ಇರುತ್ತೆ, ಖಾಲಿ ಡಬ್ಬಿ ತೊಳೆದು ಶುಕ್ರವಾರ ಅಕ್ಕನ ಬ್ಯಾಗಿಗೆ ಹಾಕುವುದು ನನ್ನ ಕೆಲಸ. ಇನ್ನೊಬ್ಬರು ಬರೆದದ್ದು: ಫೆಬ್ರವರಿಯಲ್ಲಿ ಅಕ್ಕನಿಗೆ ಜ್ವರ ಬಂದಾಗ ಮಂಗಳವಾರ ರಾತ್ರಿ ಹನ್ನೊಂದಕ್ಕೆ ಭಾವ ಬಂದು, ಹಾಲಿನ ಸೋಫಾ ಮೇಲಿಂದ ಎರಡು ದಿನ ಆಫೀಸ್ ಕೆಲಸ ಮಾಡಿದರು, ಗೊರಕೆ ತುಂಬಾ ಜೋರು. ಗೊರಕೆ ತೆಗೆಯೋಣವಾ ಅಂತ ಕೇಳಿದೆವು, ವಕೀಲರು ಇರಲಿ ಅಂದರು. ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇವೆ ಅನ್ನುವ ಸಾಲಿನ ಕೆಳಗೆ ಈ ಸಲ ಸಹಿ ಹಾಕುವಾಗ ಕೈ ನಡುಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಬರೆಯುತ್ತಿದ್ದೇವೆ ಅಂತ ಗೊತ್ತಾದಾಗ ಒಬ್ಬ ಸ್ನೇಹಿತ, ಪರಿಚಯದವರ ಜೊತೆ ಕಾಗದದ ಮೇಲೆ ಮದುವೆ ಮಾಡಿಕೊಂಡು ಹೀಗೇ ಫೈಲು ಕಟ್ಟಿದರೆ ಹೇಗೆ ಅಂತ ತಮಾಷೆಗೆ ಕೇಳಿದ. ಅದಕ್ಕೆ ಐದು ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಅದಕ್ಕೂ ಮಿಗಿಲಾಗಿ, ಒಮ್ಮೆ ನಕಲಿ ಮದುವೆ ಅಂತ ದಾಖಲಾದರೆ ಮುಂದೆ ಯಾರನ್ನೇ ನಿಜವಾಗಿ ಮದುವೆಯಾದರೂ, ಯಾವ ಕಂಪನಿ ಅರ್ಜಿ ಹಾಕಿದರೂ ಆ ಐ-130 ಅಥವಾ ಐ-140 ಮಂಜೂರಾಗಲ್ಲ. ಆ 43 ಸಾಲಿನ ಟೇಬಲನ್ನು ಕೃತಕವಾಗಿ ಮಾಡೋಕೆ ಹೋದರೆ ಪಿಎಚ್‌ಡಿಗಿಂತ ಕಷ್ಟ ಅನ್ನೋದು ನಮ್ಮ ಅಂದಾಜು.

ಉತ್ತರದ ಕವರು ಸೆಪ್ಟೆಂಬರ್ ಕೊನೆಗೆ ಹೋಯಿತು. ಮೇಲೆ ಎರಡು ಪುಟದ ಪತ್ರ, ಮೊದಲ ಪ್ಯಾರಾದಲ್ಲೇ ಎರಡು ದಿನಾಂಕದ ವಿಷಯ, ಎರಡನೆಯದರಲ್ಲಿ ಎರಡು ಮನೆ, ಮೂರನೆಯದರಲ್ಲಿ ಟ್ಯಾಕ್ಸ್ ತಪ್ಪು. 2024ರ ನವೆಂಬರ್ ಮಧ್ಯದಲ್ಲಿ ಮಂಜೂರಾಯಿತು.

ಆದರೆ ಸಿಕ್ಕಿದ್ದು ಎರಡು ವರ್ಷದ ಕಾರ್ಡು. ಮಂಜೂರಾಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಷರತ್ತಿನ ಮೇಲೆ ಕೊಡುತ್ತಾರೆ. ಅಕ್ಕ ಭಾವನಿಗೆ ಆಗಿದ್ದದ್ದು ಇಪ್ಪತ್ತು ತಿಂಗಳು. ಕಾರ್ಡಿನ ಅವಧಿ ಮುಗಿಯುವ ಮುಂಚಿನ ತೊಂಬತ್ತು ದಿನದಲ್ಲಿ ಇಬ್ಬರೂ ಸಹಿ ಮಾಡಿ ಐ-751 ಹಾಕಿ, ಈ ಎರಡು ವರ್ಷವೂ ಸಂಸಾರ ನಡೆದದ್ದಕ್ಕೆ ಮತ್ತೆ ಸಾಕ್ಷಿ ಕೊಡಬೇಕು. ಅವರ ಲೆಕ್ಕಕ್ಕೆ ಅದು 2026ರ ಆಗಸ್ಟ್ ಮಧ್ಯದಿಂದ ಶುರು. ಅಕ್ಕ ಈಗ ಥೀಸಿಸ್ ಮುಗಿಸಿ ಭಾವನ ಊರಿಗೆ ಹೋಗಿದ್ದಾರೆ. ಬಾಗಿಲ ಹತ್ತಿರ ಒಂದು ಹಳೆಯ ಬಿಸ್ಕತ್ ಡಬ್ಬ ಇಟ್ಟಿದ್ದಾರೆ. ಕರೆಂಟ್ ಬಿಲ್ಲಿನಿಂದ ಹಿಡಿದು ಇಬ್ಬರ ಹೆಸರಲ್ಲಿ ಬರುವ ಎಲ್ಲ ಕಾಗದ ಅದರೊಳಗೆ ಬೀಳುತ್ತೆ. ಕಳೆದ ತಿಂಗಳು ನಾವು ಊಟಕ್ಕೆ ಹೋದಾಗ ಅದು ಆಗಲೇ ಅರ್ಧ ತುಂಬಿತ್ತು.